ಕಾರನ್ನೇ ನೋಡದ ಯಂತ್ರ

ಪ್ಯಾರಿಸ್ ನಗರದ ಫುಟ್‌ಪಾತಿನ ಅಂಚಿನಲ್ಲಿ ಅಲ್ಲಲ್ಲಿ ಒಂದೊಂದು ಲೋಹದ ಕಂಬ ನಿಂತಿರುತ್ತದೆ. ಸಾಮಾನ್ಯವಾಗಿ ತಲೆಯ ಮೇಲೆ ಸೌರಫಲಕ, ಎದೆಯ ಮಟ್ಟದಲ್ಲಿ ಪರದೆ, ಅದರ ಕೆಳಗೆ ಕೀಲಿಮಣೆ, ಪಕ್ಕದಲ್ಲಿ ಕಾರ್ಡ್ ತೂರಿಸುವ ಸೀಳು. ಫ್ರೆಂಚರು ಇದನ್ನು ಒರೊದಾತರ್ ಎನ್ನುತ್ತಾರೆ. ರಸ್ತೆಯಲ್ಲಿ ಕಾರು ನಿಲ್ಲಿಸಿದವರು ಇದರ ಮುಂದೆ ಬಂದು ಕಾರಿನ ನಂಬರ್ ಒತ್ತಿ, ಎಷ್ಟು ಹೊತ್ತು ನಿಲ್ಲಿಸುತ್ತೇವೆಂದು ತಿಳಿಸಿ, ದುಡ್ಡು ಕಟ್ಟಬೇಕು. ಹೊರಗಿನಿಂದ ಬಂದವರಿಗೆ ಪರದೆಯ ಮೇಲಿನ ಫ್ರೆಂಚ್ ಮಾತುಗಳೇ ದೊಡ್ಡ ಅಡ್ಡಿಯಾಗಿ ಕಾಣುತ್ತವೆ. ನನಗೆ ಹಾಗೆನ್ನಿಸುವುದಿಲ್ಲ. ಭಾಷೆಯ ತೊಡಕು ಐದಾರು ಪದಗಳಲ್ಲಿ ಮುಗಿಯುತ್ತದೆ. ನಿಜವಾದ ತೊಡಕು ಇರುವುದು ಈ ಯಂತ್ರಕ್ಕೆ ನಿಮ್ಮ ಕಾರು ಕಾಣಿಸುವುದಿಲ್ಲ ಎಂಬುದರಲ್ಲಿ. ನೀವು ಒತ್ತಿದ ಏಳು ಅಕ್ಷರಗಳೇ ಅದರ ಪಾಲಿಗೆ ಕಾರು.

ಹಿಂದೆ ಹೀಗಿರಲಿಲ್ಲ. ಮೊದಲ ಪಾರ್ಕಿಂಗ್ ಮೀಟರು 1935ರ ಜುಲೈ 16ರಂದು ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ನಿಂತಿತು. ಅಂಗಡಿಗಳ ಮುಂದಿನ ಜಾಗವನ್ನು ಕೆಲಸಗಾರರ ಕಾರುಗಳೇ ದಿನವಿಡೀ ಹಿಡಿದಿಟ್ಟುಕೊಳ್ಳುತ್ತಿದ್ದ ಊರಿಗೆ ಕಾರ್ಲ್ ಮೆಗೀ ಎಂಬ ಪತ್ರಿಕಾ ಸಂಪಾದಕರು ಸೂಚಿಸಿದ ಉಪಾಯ ಅದು. ಐದು ಸೆಂಟಿನ ನಾಣ್ಯ ಹಾಕಿದರೆ ಒಳಗಿನ ಗಡಿಯಾರ ಓಡತೊಡಗುತ್ತಿತ್ತು. ಪ್ರತಿ ಜಾಗಕ್ಕೂ ಒಂದೊಂದು ಮೀಟರು ಇದ್ದುದರಿಂದ ಹಣಕ್ಕೂ ಕಾರಿಗೂ ನಡುವೆ ಗೊಂದಲವೇ ಇರಲಿಲ್ಲ. ಮುಂದೆ ಇಡೀ ಬೀದಿಗೆ ಒಂದೇ ಯಂತ್ರ ಸಾಕೆನ್ನುವ ಕಾಲ ಬಂತು. ಅದು ಕೊಟ್ಟ ಚೀಟಿಯನ್ನು ಕಾರಿನ ಮುಂಗಾಜಿನ ಹಿಂದೆ ಕಾಣುವಂತೆ ಇಡಬೇಕಿತ್ತು. ಚೀಟಿಯ ಮೇಲೆ ಏನೇ ಇರಲಿ, ಅದು ಇರುವ ಕಾರಿಗೇ ಅದು ಸಲ್ಲುತ್ತಿತ್ತು. ಈಗ ಆ ಚೀಟಿಯ ಕೆಲಸವನ್ನು ನಂಬರ್ ಪ್ಲೇಟು ಮಾಡುತ್ತಿದೆ. ಯಂತ್ರವು ನಂಬರನ್ನೂ ಮುಗಿಯುವ ಹೊತ್ತನ್ನೂ ದೂರದ ಕಂಪ್ಯೂಟರಿಗೆ ಕಳಿಸುತ್ತದೆ. ಬೀದಿಯಲ್ಲಿ ತಪಾಸಣೆಗೆ ಬರುವ ಕಾರು ತನ್ನ ಮೇಲಿನ ಕ್ಯಾಮೆರಾಗಳಿಂದ, ನಿಂತ ವಾಹನಗಳ ಪ್ಲೇಟುಗಳನ್ನು ಓದುತ್ತಾ ಸಾಗುತ್ತದೆ. ಓದಿದ ನಂಬರ್ ಪಟ್ಟಿಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಅದು ಹಣ ಕಟ್ಟದ ಕಾರು.

ಈ ಹೋಲಿಕೆಯಲ್ಲಿ ‘ಸುಮಾರಾಗಿ ಸರಿ’ ಎಂಬುದಿಲ್ಲ. ಏಳರಲ್ಲಿ ಆರು ಅಕ್ಷರ ಕೂಡಿಬಂದರೂ ಕೂಡಿಬಂದಂತಲ್ಲ.

ಹಾಗಾದರೆ ನಂಬರ್ ಒತ್ತುವ ಕೆಲಸವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. 2009ರಿಂದ ಫ್ರಾನ್ಸಿನಲ್ಲಿ ಹೊಸ ಕಾರಿಗೆ ಕೊಡುವ ಸಂಖ್ಯೆ ಎರಡು ಅಕ್ಷರ, ಮೂರು ಅಂಕಿ, ಮತ್ತೆ ಎರಡು ಅಕ್ಷರದ್ದು. ಉದಾಹರಣೆಗೆ `AB-108-CD`. ಕಾರು ಮಾಲೀಕರ ಕೈ ಬದಲಿಸಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಇದರಲ್ಲಿ `I`, `O`, `U` ಅಕ್ಷರಗಳನ್ನು ಬಳಸುವುದೇ ಇಲ್ಲ, ಏಕೆಂದರೆ ಅವು 1, 0, `V`ಗಳಂತೆ ಕಾಣುತ್ತವೆ. ನಮ್ಮ ವಾಹನಗಳ ಸರಣಿಯ ಅಕ್ಷರಗಳಲ್ಲೂ `I` ಮತ್ತು `O` ಬಿಟ್ಟಿರುವುದಕ್ಕೆ ಇದೇ ಕಾರಣ. ಹಾಗಾಗಿ ಫ್ರೆಂಚ್ ಪ್ಲೇಟಿನ ಮೇಲೆ ಗುಂಡಗಿನ ಆಕಾರ ಕಂಡರೆ ಅನುಮಾನವೇ ಬೇಡ, ಅದು ಸೊನ್ನೆ. ಕೀಲಿಮಣೆಯ ಮೇಲೆ ಮಾತ್ರ `O` ಕೂಡ ಇರುತ್ತದೆ, ಏಕೆಂದರೆ ಜರ್ಮನಿಯಿಂದಲೋ ಸ್ಪೇನಿನಿಂದಲೋ ಬಂದ ಕಾರಿಗೂ ಯಂತ್ರ ಹಣ ತೆಗೆದುಕೊಳ್ಳಬೇಕಲ್ಲ. ಅಂಕಿಯ ಸೊನ್ನೆಯ ಬದಲು ಅಕ್ಷರದ `O` ಒತ್ತಿದರೆ ಅದು ತಕರಾರಿಲ್ಲದೆ ಒಪ್ಪಿಕೊಂಡೀತು.

ಪ್ಲೇಟಿನ ಎರಡು ತುದಿಗಳಲ್ಲೂ ನೀಲಿ ಪಟ್ಟಿಗಳಿವೆ. ಎಡದ ಪಟ್ಟಿಯಲ್ಲಿ ಯೂರೋಪಿನ ನಕ್ಷತ್ರಗಳ ಕೆಳಗೆ `F` ಎಂದಿರುತ್ತದೆ. ಬಲದ ಪಟ್ಟಿಯಲ್ಲಿ ಪ್ರಾಂತ್ಯದ ಲಾಂಛನದ ಕೆಳಗೆ `75` ಅಥವಾ `69`ರಂಥ ಒಂದು ಸಂಖ್ಯೆ. ಇದು ನಮ್ಮ ಜಿಲ್ಲೆಗಳನ್ನು ಹೋಲುವ ಫ್ರೆಂಚ್ ಆಡಳಿತ ವಿಭಾಗದ ಸಂಖ್ಯೆ. ಮಾಲೀಕರು ತಮಗಿಷ್ಟವಾದ ವಿಭಾಗವನ್ನು ಆರಿಸಿಕೊಳ್ಳಬಹುದಾದ್ದರಿಂದ ಇದು ಕಾರಿನ ಗುರುತೇ ಅಲ್ಲ, ಊರಿನ ಮೇಲಿನ ಅಭಿಮಾನ ಅಷ್ಟೆ. ಬೆಂಗಳೂರಿನಿಂದ ಹೋದವರ ಕಣ್ಣಿಗೆ `KA 05` ರೂಢಿಯಾಗಿರುವುದರಿಂದ ಈ `75` ಕೂಡ ನಂಬರಿನ ಭಾಗವೆನಿಸಿ, ಅದನ್ನೂ ಸೇರಿಸಿ ಒಂಬತ್ತು ಅಕ್ಷರ ಒತ್ತಿಬಿಡುವ ಸಂಭವ ಹೆಚ್ಚು. ಒತ್ತಬೇಕಾದದ್ದು ಬಿಳಿ ಭಾಗದಲ್ಲಿರುವುದನ್ನು ಮಾತ್ರ, ನಡುವಿನ ಅಡ್ಡಗೆರೆಗಳನ್ನೂ ಬಿಟ್ಟು: `AB108CD`.

ಕೀಲಿಮಣೆಯಲ್ಲೂ ಒಂದು ಮರ್ಮವಿದೆ. ಕೆಲವು ಯಂತ್ರಗಳಲ್ಲಿ ಅಕ್ಷರಗಳು `A`ಯಿಂದ `Z` ತನಕ ಕ್ರಮವಾಗಿರುತ್ತವೆ. ಇನ್ನು ಕೆಲವು ಫ್ರೆಂಚ್ ಕಂಪ್ಯೂಟರಿನ ಕೀಲಿಮಣೆಯ ಕ್ರಮವನ್ನೇ ಅನುಸರಿಸುತ್ತವೆ. ಅದರಲ್ಲಿ ನಮ್ಮ `Q` ಇರುವ ಜಾಗದಲ್ಲಿ `A`, `W` ಇರುವ ಜಾಗದಲ್ಲಿ `Z` ಇರುತ್ತದೆ, ಹಾಗೆಯೇ ತಿರುವುಮುರುವಾಗಿ. ದಿನವಿಡೀ ಟೈಪು ಮಾಡುವವರ ಬೆರಳು ಕಣ್ಣಿಗಿಂತ ಮುಂದೆ ಓಡುತ್ತದೆ. ಹಾಗಾಗಿ `AB108CD` ಒತ್ತಿದೆನೆಂದುಕೊಂಡವರು `QB108CD` ಒತ್ತಿರುತ್ತಾರೆ. ಇಲ್ಲಿ ಟೈಪಿಂಗ್ ಬಾರದವರೇ ವಾಸಿ, ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತುತ್ತಾರೆ.

ತಪ್ಪು ಒತ್ತಿದರೆ ಯಂತ್ರ ಎಚ್ಚರಿಸಬಾರದೇ? ಎಚ್ಚರಿಸಲಾರದು. ಜನ ಸಂಖ್ಯೆಗಳನ್ನು ಹೇಗೆ ತಪ್ಪಾಗಿ ಬರೆಯುತ್ತಾರೆಂಬುದನ್ನು ನೆದರ್ಲೆಂಡ್ಸಿನ ಗಣಿತಜ್ಞ ಯಾಕೋಬಸ್ ವೆರ್ಹೂಫ್ 1969ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಲೆಕ್ಕಹಾಕಿದ್ದರು. ನೂರು ತಪ್ಪುಗಳಲ್ಲಿ ಸುಮಾರು 79 ಯಾವುದೋ ಒಂದು ಅಂಕಿಯ ಜಾಗದಲ್ಲಿ ಇನ್ನೊಂದನ್ನು ಬರೆದದ್ದು, ಸುಮಾರು 10 ಅಕ್ಕಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡಿದ್ದು. ಈ ಎರಡು ಬಗೆಯ ತಪ್ಪುಗಳನ್ನೂ ಹಿಡಿಯುವ ಒಂದು ಉಪಾಯವನ್ನು ಅವರೇ ರೂಪಿಸಿದರು. ಸಂಖ್ಯೆಯ ಕೊನೆಗೆ, ಉಳಿದ ಅಂಕಿಗಳಿಂದಲೇ ಲೆಕ್ಕಹಾಕಿದ ಒಂದು ಹೆಚ್ಚಿನ ಅಂಕಿ ಸೇರಿಸುವುದು. ಎಲ್ಲಾದರೂ ಒಂದು ಅಂಕಿ ತಪ್ಪಿದರೆ ಕೊನೆಯ ಅಂಕಿ ಹೊಂದುವುದಿಲ್ಲ, ಕೂಡಲೇ ಗೊತ್ತಾಗುತ್ತದೆ. ನಿಮ್ಮ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿ ವೆರ್ಹೂಫ್ ಲೆಕ್ಕದ್ದೇ. ಬ್ಯಾಂಕ್ ಕಾರ್ಡಿನ ಸಂಖ್ಯೆಯಲ್ಲಿ ಇದಕ್ಕಿಂತ ಹಳೆಯದಾದ, ಐಬಿಎಂ ಕಂಪನಿಯ ಹಾನ್ಸ್ ಪೀಟರ್ ಲೂನ್ ರೂಪಿಸಿದ ಇನ್ನೊಂದು ಲೆಕ್ಕ ಕೂತಿದೆ.

ಕಾರಿನ ನಂಬರಿನಲ್ಲಿ ಅಂಥ ಕಾವಲು ಅಂಕಿ ಇಲ್ಲ. ಅದು ಹುಟ್ಟಿದ್ದು ಪೊಲೀಸರ ಕಣ್ಣಿಗಾಗಿ, ಯಂತ್ರಕ್ಕೆ ಒತ್ತುವುದಕ್ಕಾಗಿ ಅಲ್ಲ. ನಮ್ಮ `AB108CD`ಯನ್ನೇ ತೆಗೆದುಕೊಂಡು ಲೆಕ್ಕ ಮಾಡಿ. ನಾಲ್ಕು ಅಕ್ಷರಗಳಲ್ಲಿ ಪ್ರತಿಯೊಂದರ ಜಾಗಕ್ಕೂ ಬೇರೆ 22 ಅಕ್ಷರಗಳು ಬರಬಹುದು, ಅಲ್ಲಿಗೆ 88 ಆಯಿತು. ಮೂರು ಅಂಕಿಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಒಂಬತ್ತು, ಅಲ್ಲಿಗೆ 27. ಒಟ್ಟು 115 ನಂಬರುಗಳು ನಿಮ್ಮ ನಂಬರಿನಿಂದ ಒಂದೇ ಒಂದು ಬೆರಳ ತಪ್ಪಿನಷ್ಟು ದೂರದಲ್ಲಿವೆ. ಅಷ್ಟೂ ಫ್ರೆಂಚ್ ನಿಯಮಕ್ಕೆ ಒಪ್ಪುವ ನಂಬರುಗಳೇ! ಇಡೀ ಪದ್ಧತಿಯಲ್ಲಿ ಸುಮಾರು 27 ಕೋಟಿ 80 ಲಕ್ಷ ನಂಬರುಗಳಿಗೆ ಜಾಗವಿದ್ದು, 2009ರಿಂದ ಅದರಲ್ಲಿ ಕೋಟಿಗಟ್ಟಲೆ ಬಳಕೆಗೆ ಬಂದಿವೆ. ಹಾಗಾಗಿ ನೀವು ತಪ್ಪಿ ಒತ್ತಿದ್ದು ಲಿಯೋನಿನಲ್ಲೋ ಲಿಲ್‌ನಲ್ಲೋ ನಿಜವಾಗಿ ಓಡಾಡುತ್ತಿರುವ ಯಾರದೋ ಕಾರಿನ ನಂಬರೇ ಆಗಿದ್ದರೂ ಅಚ್ಚರಿಯಿಲ್ಲ. ನಿಮ್ಮ ಹಣದಲ್ಲಿ ಅವರ ಕಾರಿಗೆ ಪ್ಯಾರಿಸ್ಸಿನಲ್ಲಿ ಎರಡು ತಾಸಿನ ಜಾಗ ಸಿಕ್ಕಿರುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ.

ಆದ್ದರಿಂದ ತಪ್ಪನ್ನು ಹಿಡಿಯಬೇಕಾದವರು ಒತ್ತುವವರೇ. ಕಾರಿನಿಂದ ಇಳಿದ ಕೂಡಲೇ ಪ್ಲೇಟಿನ ಫೋಟೊ ತೆಗೆದುಕೊಂಡು ಹೋಗುವುದು ಒಳ್ಳೆಯದು, ಬಾಡಿಗೆ ಕಾರಾದರಂತೂ ಬೇಕೇ ಬೇಕು. ಒತ್ತುವಾಗ ಎರಡು, ಮೂರು, ಎರಡು ಎಂದು ಗುಂಪು ಮಾಡಿ ಒತ್ತಿ, ಆಮೇಲೆ ಪರದೆಯ ಮೇಲೆ ಮೂಡಿದ್ದನ್ನು ಕೊನೆಯಿಂದ ಮೊದಲಿಗೆ ಓದಿ ಫೋಟೊದ ಜತೆ ತಾಳೆ ನೋಡಬೇಕು. ಮೊದಲಿನಿಂದ ಓದಿದರೆ ಮನಸ್ಸು ತಾನು ಒತ್ತಬೇಕೆಂದಿದ್ದನ್ನೇ ಓದಿಬಿಡುತ್ತದೆ. ಕರಡು ತಿದ್ದುವವರಿಗೆಲ್ಲ ಇದು ಗೊತ್ತು.

ಈಗ ಆ ಐದಾರು ಪದಗಳು. ಪ್ಯಾರಿಸ್ಸಿನ ಯಂತ್ರಗಳಲ್ಲಿ ಭಾಷೆ ಬದಲಿಸಿ ಇಂಗ್ಲಿಷಿಗೆ ಹೋಗಬಹುದು. ಚಿಕ್ಕ ಊರುಗಳಲ್ಲಿ ಫ್ರೆಂಚ್ ಒಂದೇ ಇರುವುದುಂಟು. ಯಾವ ಪರದೆಯಲ್ಲೂ ನೆನಪಿಡಬೇಕಾದವು `VALIDER`, `CORRIGER`, `ANNULER`: ಒಪ್ಪಿದೆ, ತಿದ್ದುತ್ತೇನೆ, ಎಲ್ಲ ರದ್ದು. ಸಾಮಾನ್ಯವಾಗಿ ಇವುಗಳ ಬಣ್ಣ ಕ್ರಮವಾಗಿ ಹಸಿರು, ಹಳದಿ, ಕೆಂಪು. ಕಾರ್ಡಿನ ಪಿನ್ ಒತ್ತುವ ಪುಟ್ಟ ಗುಂಡಿಗಳಲ್ಲೂ ಇದೇ ಮೂರು ಬಣ್ಣಗಳು. ಒಂದು ಅಕ್ಷರ ತಪ್ಪಾಯಿತೆಂದು ಗಾಬರಿಯಲ್ಲಿ ಕೆಂಪು ಒತ್ತಿದರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಇನ್ನು ಮೊದಲ ಪ್ರಶ್ನೆ `VISITEUR` ಅಥವಾ `RÉSIDENT` ಎಂದು. ಅಲ್ಲಿಯ ನಿವಾಸಿಗಳಿಗೆ ದರ ತುಂಬಾ ಕಡಿಮೆ, ನೋಡಿದರೆ ಆಸೆಯಾಗುತ್ತದೆ. ಆದರೆ ಆ ದರ ಮೊದಲೇ ನೋಂದಾಯಿಸಿದ ನಂಬರುಗಳಿಗೆ ಮಾತ್ರ. ನಿಮ್ಮದು `VISITEUR`.

ಅವಧಿಯ ಪರದೆಯಲ್ಲಿ ಕಾಣುವುದು ಕೂಡಿಸುವ ಗುಂಡಿ, ಕಳೆಯುವ ಗುಂಡಿ, ಅವುಗಳ ಜತೆಗೆ ನಿಲುಗಡೆ ಮುಗಿಯುವ ಹೊತ್ತು. ಇಲ್ಲಿ ಯಂತ್ರ ಸದ್ದಿಲ್ಲದೆ ಒಂದು ಲೆಕ್ಕ ಮಾಡುತ್ತದೆ. ಪ್ಯಾರಿಸ್ಸಿನಲ್ಲಿ ರಸ್ತೆ ಬದಿಯ ನಿಲುಗಡೆಗೆ ಹಣ ಕಟ್ಟಬೇಕಾದದ್ದು ಸೋಮವಾರದಿಂದ ಶನಿವಾರದ ತನಕ ಬೆಳಗ್ಗೆ 9ರಿಂದ ರಾತ್ರಿ 8ರವರೆಗೆ ಮಾತ್ರ. ಭಾನುವಾರ ಮತ್ತು ಸಾರ್ವತ್ರಿಕ ರಜೆಗಳಲ್ಲಿ ಉಚಿತ. ಯಂತ್ರದ ಗಡಿಯಾರ ಈ ಉಚಿತ ಹೊತ್ತನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ದಾಟಿಹೋಗುತ್ತದೆ.

ಒಂದು ಶನಿವಾರ ಸಂಜೆ ಆರೂವರೆಗೆ ಲೂವ್ರ್ ಹತ್ತಿರ ಕಾರು ನಿಲ್ಲಿಸಿದಿರಿ ಎನ್ನಿ. ಊಟ ಮುಗಿಸಿ ಹತ್ತು ಗಂಟೆಗೆ ಹೊರಡುವ ಯೋಚನೆ. ನಗರದ ನಡುಭಾಗದಲ್ಲಿ, ಅಂದರೆ ಒಂದರಿಂದ ಹನ್ನೊಂದನೆಯ ವಾರ್ಡುಗಳಲ್ಲಿ, ಸಾಮಾನ್ಯ ಕಾರಿಗೆ ಗಂಟೆಗೆ 6 ಯೂರೋ. ಮೂರೂವರೆ ತಾಸು ಬೇಕೆಂದು ಗುಂಡಿ ಒತ್ತುತ್ತಾ ಹೋದರೆ ಮುಗಿಯುವ ಹೊತ್ತು ‘22:00’ ಎಂದು ಬರುವುದೇ ಇಲ್ಲ. ಒಂದೂವರೆ ತಾಸಿಗೆ 20:00 ಬರುತ್ತದೆ, ದರ 9 ಯೂರೋ. ಇನ್ನೂ ಅರ್ಧ ತಾಸು ಕೂಡಿಸಿದರೆ ದರ 12 ಯೂರೋ ಆಗುತ್ತದೆ, ಹೊತ್ತು 09:30ಕ್ಕೆ ಜಿಗಿಯುತ್ತದೆ, ಅದೂ ಸೋಮವಾರದ 09:30! ಪಕ್ಕದಲ್ಲಿ ಚಿಕ್ಕದಾಗಿ ಬರೆದ `LUNDI` ಓದಲು ಬಾರದವರಿಗೆ ಯಂತ್ರ ಕೆಟ್ಟಿದೆ ಎನಿಸಬಹುದು. ಅದು ಕೆಟ್ಟಿಲ್ಲ. ಶನಿವಾರ ಒಂದೂವರೆ ತಾಸು, ಸೋಮವಾರ ಬೆಳಗ್ಗೆ ಅರ್ಧ ತಾಸು, ನಡುವಿನ ಮೂವತ್ತೇಳು ತಾಸು ಪುಕ್ಕಟೆ ಎಂದು ಅದು ಹೇಳುತ್ತಿದೆ. ಹತ್ತಕ್ಕೆ ಹೊರಡುವವರಿಗೆ ಬೇಕಾದದ್ದು 9 ಯೂರೋದ ನಿಲುಗಡೆಯಷ್ಟೆ. ಅವಧಿಯ ಪರದೆಯಲ್ಲಿ ತಾಸುಗಳನ್ನು ಎಣಿಸುವುದನ್ನು ಬಿಟ್ಟು ಮುಗಿಯುವ ದಿನ ಮತ್ತು ಹೊತ್ತನ್ನೇ ಓದಬೇಕೆನ್ನುವುದು ಇದಕ್ಕೇ. ಸೋಮವಾರದಿಂದ ಶನಿವಾರದ ತನಕದ ಆರು ಹೆಸರುಗಳು ಫ್ರೆಂಚಿನಲ್ಲಿ ಹೀಗೆ: `LUNDI`, `MARDI`, `MERCREDI`, `JEUDI`, `VENDREDI`, `SAMEDI`. ಉಚಿತವಾದ `DIMANCHE` ಮುಗಿಯುವ ದಿನವಾಗಿ ಬರುವುದೇ ಇಲ್ಲ.

ಬೆಳಗಿನ ಹೊತ್ತಾದರೆ ಬೇರೆಯೇ ಕತೆ. ಎರಡು ತಾಸಿಗೆ 12 ಯೂರೋ ಇದ್ದದ್ದು ಅಲ್ಲಿಂದ ಮುಂದೆ ಕಡಿದಾಗಿ ಏರಿ ಆರು ತಾಸಿಗೆ 75 ಯೂರೋ ಮುಟ್ಟುತ್ತದೆ. ಆರು ತಾಸೇ ಹೊರಗಿನವರಿಗೆ ಗರಿಷ್ಠ. ಈ 75 ಎಲ್ಲಿಂದ ಬಂತು? 2018ರ ಜನವರಿ 1ರಿಂದ ಫ್ರಾನ್ಸಿನಲ್ಲಿ ನಿಲುಗಡೆಯ ಹಣ ಕಟ್ಟದಿರುವುದು ಅಪರಾಧವಲ್ಲ. ಅದಕ್ಕೆ ಮೊದಲು ದೇಶಕ್ಕೆಲ್ಲ ಒಂದೇ ದಂಡವಿತ್ತು, 17 ಯೂರೋ. ಈಗ ಪ್ರತಿ ಊರೂ ತನ್ನದೇ ‘ನಿಲುಗಡೆಯ ನಂತರದ ಶುಲ್ಕ’ ನಿಗದಿ ಮಾಡುತ್ತದೆ. ನೋಟಿಸಿನಲ್ಲಿ ಅದು `FPS` ಎಂದಿರುತ್ತದೆ. ಆ ಶುಲ್ಕ ಗರಿಷ್ಠ ಅವಧಿಯ ದರವನ್ನು ಮೀರಬಾರದೆಂದು ಕಾನೂನು ಹೇಳುವುದರಿಂದ ಊರುಗಳು ಕೊನೆಯ ತಾಸುಗಳ ದರವನ್ನೇ ಏರಿಸಿ ಅದಕ್ಕೆ ಸಮ ಮಾಡುತ್ತವೆ. ಹಣ ಕಟ್ಟದವರಿಗೂ ಆರು ತಾಸು ಕಟ್ಟಿದವರಿಗೂ ಒಂದೇ ಮೊತ್ತ! ಭಾರದ ಕಾರುಗಳ ಪಾಡು ಇನ್ನೂ ಬಿಗಿ. 2024ರ ಅಕ್ಟೋಬರಿನಿಂದ, 1.6 ಟನ್ನಿಗೂ ಹೆಚ್ಚು ತೂಗುವ ಪೆಟ್ರೋಲ್, ಡೀಸೆಲ್ ಮತ್ತು ಹೈಬ್ರಿಡ್ ಕಾರುಗಳಿಗೆ ನಡುಭಾಗದಲ್ಲಿ ಗಂಟೆಗೆ 18 ಯೂರೋ, ಆರು ತಾಸಿಗೆ 225. ವಿದ್ಯುತ್ ಕಾರಿಗೆ ಈ ಮಿತಿ ಎರಡು ಟನ್ನು. ಬಾಡಿಗೆಗೆ ದೊಡ್ಡ ಎಸ್‌ಯುವಿ ಹಿಡಿದವರು ಇದನ್ನು ಮೊದಲೇ ತಿಳಿದಿರಬೇಕು.

ಇನ್ನು ಉಳಿದದ್ದು ಹಣ. ಭಾರತದಿಂದ ಕಾರ್ಡು ತಂದವರು ಎಡವುವುದು ಯಂತ್ರದಲ್ಲಲ್ಲ, ಬ್ಯಾಂಕಿನಲ್ಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಯಂತ್ರಗಳಿಗಷ್ಟೇ ತೆರೆದಿರುತ್ತವೆ. ವಿದೇಶದ ಬಳಕೆಯನ್ನೂ ಮುಟ್ಟಿಸಿ ಕಟ್ಟುವ ಸೌಲಭ್ಯವನ್ನೂ ಬೇರೆಬೇರೆಯಾಗಿ, ಬ್ಯಾಂಕಿನ ಆ್ಯಪಿನಲ್ಲಿ ನಾವೇ ತೆರೆಯಬೇಕು. ಮೊದಲನೆಯದನ್ನು ತೆರೆದು ಎರಡನೆಯದನ್ನು ಮರೆತರೆ ಕಾರ್ಡು ತೂರಿಸಿದಾಗ ನಡೆಯುತ್ತದೆ, ಮುಟ್ಟಿಸಿದಾಗ ನಡೆಯುವುದಿಲ್ಲ. ಪರದೆ ಮಾತ್ರ ಕಾರಣ ಹೇಳದೆ ‘ನಿರಾಕರಿಸಲಾಗಿದೆ’ ಎನ್ನುತ್ತದೆ. ಮುಟ್ಟಿಸಿದ್ದು ನಡೆಯದಿದ್ದರೆ ಕಾರ್ಡನ್ನು ಸೀಳಿನಲ್ಲಿ ತೂರಿಸಿ, `CODE` ಕೇಳಿದಾಗ ಪಿನ್ ಒತ್ತಿ ಹಸಿರು ಗುಂಡಿ ಒತ್ತುವುದು ಮುಂದಿನ ದಾರಿ. ನಾಣ್ಯ ತೆಗೆದುಕೊಳ್ಳುವ ಯಂತ್ರಗಳು ಸಾಮಾನ್ಯವಾಗಿ ಚಿಲ್ಲರೆ ವಾಪಸು ಕೊಡುವುದಿಲ್ಲ.

ಪಿನ್ ಒತ್ತಿದ ಮೇಲೆ ಫೋನಿಗೆ ಬ್ಯಾಂಕಿನ ಸಂದೇಶ ಬರುತ್ತದೆ, ಹಣ ಹೋಯಿತೆಂದು. ಅಷ್ಟಕ್ಕೆ ತೃಪ್ತರಾಗಿ ಹೊರಡಬಾರದು. ಬ್ಯಾಂಕಿನ ಅನುಮತಿಯೂ ನಗರದ ಪಟ್ಟಿಯಲ್ಲಿ ನಿಮ್ಮ ನಂಬರ್ ಸೇರುವುದೂ ಎರಡು ಬೇರೆ ಕೆಲಸಗಳು. ಮೊದಲನೆಯದು ಆಗಿ ಎರಡನೆಯದು ಆಗದೇ ಇರಬಹುದು. ಎರಡೂ ಆಯಿತೆಂಬುದಕ್ಕೆ ಕುರುಹು ರಸೀತಿ. ಅದನ್ನು ಗಾಜಿನ ಹಿಂದೆ ಇಡಬೇಕಾದ ಅಗತ್ಯವಿಲ್ಲದಿದ್ದರೂ ಕೇಳಿ ಪಡೆದುಕೊಳ್ಳಬೇಕು. ಅದರ ಮೇಲೆ ನೀವು ಒತ್ತಿದ ನಂಬರ್ ಅಚ್ಚಾಗಿರುತ್ತದೆ. ಕಾರಿನ ಹತ್ತಿರ ಹೋಗಿ ಪ್ಲೇಟಿನ ಪಕ್ಕ ಹಿಡಿದು ನೋಡಿ. `QB108CD` ಎಂದಿದ್ದರೆ ಈಗಲೇ ವಾಪಸು ಹೋಗಿ ಸರಿಯಾದ ನಂಬರಿಗೆ ಇನ್ನೊಮ್ಮೆ ಕಟ್ಟುವುದು ಜಾಣತನ. ಮೊದಲು ಕಟ್ಟಿದ್ದು ಹೊಟ್ಟೆ ಉರಿಸುತ್ತದೆ ನಿಜ, ಆದರೆ ಲೆಕ್ಕ ಹಾಕಿ ನೋಡಿ. ಸರಿಯಾದ ನಂಬರಿಗೆ 12 ಯೂರೋ ಕಟ್ಟಿ ಹೊತ್ತು ಮೀರಿದವರಿಗೆ ಆ 12ನ್ನು ಕಳೆದು 63 ಯೂರೋದ ಶುಲ್ಕ ಬರುತ್ತದೆ. ತಪ್ಪು ನಂಬರಿಗೆ ಕಟ್ಟಿದವರ ಹೆಸರಿನಲ್ಲಿ ಕಳೆಯಲು ಏನೂ ಇಲ್ಲ. ಪೂರ್ತಿ 75, ಹೋದ 12 ಬೇರೆ.

ನೋಟಿಸು ಕಾರಿನ ಗಾಜಿಗೆ ಅಂಟಿರಬೇಕೆಂದೂ ಇಲ್ಲ. ಅದು ಕಾರಿನ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರಿಗೆ ಅಂಚೆಯಲ್ಲಿ ಹೋಗಬಹುದು. ಬಾಡಿಗೆ ಕಾರಾದರೆ ಅದು ಮುಟ್ಟುವುದು ಬಾಡಿಗೆ ಕಂಪನಿಗೆ. ನೀವು ಮೈಸೂರಿಗೆ ಮರಳಿ ವಾರಗಳಾದ ಮೇಲೆ, ಕಂಪನಿ ತನ್ನ ಸೇವಾಶುಲ್ಕವನ್ನೂ ಸೇರಿಸಿ ಕಾರ್ಡಿನಿಂದ ಕಡಿತ ಮಾಡಿಕೊಂಡಾಗಲೇ ವಿಷಯ ತಿಳಿಯುವುದು. ನೋಟಿಸಿನ ದಿನದಿಂದ ಒಂದು ತಿಂಗಳೊಳಗೆ ಅದನ್ನು ಕೊಟ್ಟ ಕಚೇರಿಗೇ ಮೊದಲ ಮೇಲ್ಮನವಿ ಸಲ್ಲಿಸಬೇಕು. ಫ್ರೆಂಚಿನಲ್ಲಿ ಅದರ ಸಂಕ್ಷೇಪ `RAPO`. ಒಂದೇ ಅಕ್ಷರ ವ್ಯತ್ಯಾಸವಾದ ನಂಬರು, ಅದೇ ಬೀದಿ, ಅದೇ ಹೊತ್ತು ಎಂದು ತೋರಿಸುವ ರಸೀತಿ ಇದ್ದರೆ ಮನವಿಗೆ ಬಲ ಬರುತ್ತದೆ, ಆದರೂ ಒಪ್ಪುವುದು ಬಿಡುವುದು ಆ ಕಚೇರಿಗೆ ಬಿಟ್ಟದ್ದು. ಅಲ್ಲಿ ತಿರಸ್ಕಾರವಾದರೆ ಉಳಿಯುವುದು ಲಿಮೋಜ್ ನಗರದಲ್ಲಿರುವ, ಇಡೀ ಫ್ರಾನ್ಸಿನ ನಿಲುಗಡೆ ತಗಾದೆಗಳನ್ನಷ್ಟೇ ಕೇಳುವ ನ್ಯಾಯಮಂಡಳಿ. ರಸೀತಿ ಇಲ್ಲದೆ ಅಲ್ಲಿಗೆ ಹೋದವರ ಬಳಿ ಬ್ಯಾಂಕಿನ ಸಂದೇಶವಷ್ಟೇ ಇರುತ್ತದೆ, ಮತ್ತು ಅದರಲ್ಲಿ ಯಾವ ಕಾರಿನ ನಂಬರೂ ಇರುವುದಿಲ್ಲ.